ಶುದ್ಧ ಇಂಧನದ ಸೋರುವ ಲೆಕ್ಕ

ಕೊಚ್ಚಿಯಿಂದ ಮಂಗಳೂರಿಗೆ ಹೋಗುವ ಅನಿಲದ ಪೈಪು ನಮ್ಮ ಕಾಸರಗೋಡು ಜಿಲ್ಲೆಯ ನೆಲದಡಿಯಲ್ಲೇ ಹಾದಿದೆ. 2021ರ ಜನವರಿಯಲ್ಲಿ ಅದರ ಉದ್ಘಾಟನೆಯಾಯಿತು. ಇಂಥ ಅನಿಲವನ್ನು ಎಲ್ಲರೂ ‘ಶುದ್ಧ ಇಂಧನ’ ಅಂತ ಹೊಗಳುತ್ತಾರೆ. ಉರಿಸಿದಾಗ ಕಲ್ಲಿದ್ದಲಿಗಿಂತ ಹೊಗೆ ಕಡಿಮೆ, ಕಾರ್ಬನ್ ಡೈಆಕ್ಸೈಡೂ ಹೆಚ್ಚುಕಡಿಮೆ ಅರ್ಧ. ಅಲ್ಲಿವರೆಗೆ ಸರಿಯೇ. ಉರಿಯುವ ಮೊದಲೇ ಸೋರಿಹೋದದ್ದರ ಲೆಕ್ಕ ಎಲ್ಲಿ?

ಈ ಅನಿಲದಲ್ಲಿ ಬಹುಪಾಲು ಮೀಥೇನ್. ಒಂದು ಕಿಲೋ ಮೀಥೇನ್ ಉರಿದರೆ ಎರಡೂ ಮುಕ್ಕಾಲು ಕಿಲೋ ಕಾರ್ಬನ್ ಡೈಆಕ್ಸೈಡ್ ಆಗುತ್ತದೆ. ಅದೇ ಒಂದು ಕಿಲೋ ಉರಿಯದೆ ಸೋರಿದರೆ, 100 ವರ್ಷದ ಲೆಕ್ಕದಲ್ಲಿ ಸುಮಾರು 30 ಕಿಲೋ ಕಾರ್ಬನ್ ಡೈಆಕ್ಸೈಡಿನಷ್ಟು ಬಿಸಿ ಮಾಡುತ್ತದೆ. 20 ವರ್ಷದ ಲೆಕ್ಕದಲ್ಲಿ 80 ಕಿಲೋಗೂ ಮೇಲೆ. ಎರಡೂ ಸುಳ್ಳಲ್ಲ. ಮೀಥೇನ್ ಗಾಳಿಯಲ್ಲಿ ಇರುವುದು ಸುಮಾರು ಹನ್ನೆರಡು ವರ್ಷ, ಇನ್ನೊಂದು ಶತಮಾನಗಟ್ಟಲೆ ಉಳಿಯುತ್ತದೆ. ಒಣಗಿದ ಮಡಲು ಧಗ್ಗನೆ ಉರಿದು ಆರುತ್ತದೆ, ಕೊರಡಿನ ಕೆಂಡ ಬೆಳಗಿನವರೆಗೂ ಇರುತ್ತದೆ. ಮಡಲಿನ ಬೆಂಕಿಯನ್ನು ಇಡೀ ರಾತ್ರಿಗೆ ಹಂಚಿ ಸರಾಸರಿ ತೆಗೆದರೆ ಅದು ಏನೂ ಅಲ್ಲ ಅಂತ ಕಾಣಬಹುದು. ಆದರೆ ಮಾಡಿಗೆ ಬೆಂಕಿ ಹಿಡಿಯುವುದು ಆ ಮೊದಲ ಹತ್ತು ನಿಮಿಷದಲ್ಲೇ ಅಲ್ಲವೇ ಮಾರಾಯರೆ? ದೇಶಗಳ ಲೆಕ್ಕಪುಸ್ತಕದಲ್ಲಿ ನಡೆಯುವುದು ಮಾತ್ರ 100 ವರ್ಷದ ಸರಾಸರಿಯೇ.

ಅಮೆರಿಕದ ವಿಜ್ಞಾನಿಗಳು 2018ರಲ್ಲಿ, ಬಾವಿಯಿಂದ ಹಿಡಿದು ಪೈಪಿನವರೆಗೆ ಅಲ್ಲಿನ ಅನಿಲದಲ್ಲಿ ನೂರಕ್ಕೆ 2.3 ಪಾಲು ಸೋರುತ್ತದೆ ಎಂದು ಅಳತೆಗಳಿಂದ ತೋರಿಸಿದರು. ಸರಕಾರಿ ಅಂದಾಜಿಗಿಂತ ಅದು ಶೇಕಡಾ 60ರಷ್ಟು ಹೆಚ್ಚು. ಆ ಪ್ರಮಾಣವನ್ನೇ ಹಿಡಿಯಿರಿ. ನೂರು ಕಿಲೋದಲ್ಲಿ ಉರಿದ ಭಾಗದಿಂದ 269 ಕಿಲೋ ಕಾರ್ಬನ್ ಡೈಆಕ್ಸೈಡ್. ಸೋರಿದ ಆ ಎರಡು ಚಿಲ್ಲರೆ ಕಿಲೋ, 20 ವರ್ಷದ ಲೆಕ್ಕದಲ್ಲಿ ಇನ್ನೂ 190 ಕಿಲೋಗೆ ಸಮ! ಕಲ್ಲಿದ್ದಲಿನ ಎದುರು ಗೆದ್ದದ್ದರ ಬಹುಪಾಲು ಅಲ್ಲೇ ಮುಳುಗಿತು. ನಮ್ಮ ಪೈಪಿನಲ್ಲಿ ಅಷ್ಟೇ ಸೋರುತ್ತದೆ ಅಂತ ನಾನು ಹೇಳುತ್ತಿಲ್ಲ. ಅಳೆದು ತೋರಿಸದೆ ‘ಶುದ್ಧ’ ಅನ್ನಬೇಡಿ, ಅಷ್ಟೇ.

ಮೂಗನ್ನು ನಂಬಿ ಕೂರುವ ಹಾಗೂ ಇಲ್ಲ. ಮೀಥೇನಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗ್ಯಾಸಿನ ಆ ನಾತ ಬೇರೆ ಸೇರಿಸಿದ್ದು, ಅದನ್ನು ಸಾಮಾನ್ಯವಾಗಿ ಸೇರಿಸುವುದು ಪೇಟೆಯ ಮನೆಗಳಿಗೆ ಹಂಚುವ ಮುನ್ನ. ದೊಡ್ಡ ಪೈಪಿನ ಮೇಲೆ ಹುಲ್ಲು ಒಂದೇ ಕಡೆ ಒಣಗಿದರೆ, ಗದ್ದೆಯ ನೀರಲ್ಲಿ ಬಿಡದೆ ಗುಳ್ಳೆ ಎದ್ದರೆ, ಬುಸ್ ಅಂತ ಸದ್ದು ಕೇಳಿದರೆ ದೂರ ನಿಂತು, ಬೀಡಿ ಹಚ್ಚದೆ, ಪೈಪಿನ ದಾರಿಯ ಫಲಕದಲ್ಲಿರುವ ನಂಬರಿಗೆ ತಿಳಿಸಬೇಕು. ಸಣ್ಣ ಸೋರಿಕೆಗೆ ಇಷ್ಟೂ ಗುರುತು ಇರುವುದಿಲ್ಲ. ಅದನ್ನು ಕಾಣಿಸುವ ಅವಕೆಂಪು ಕ್ಯಾಮರಾ ಇದೆ, ಕಂಪೆನಿಯವರು ಹಿಡಿದು ನಡೆಯಬೇಕು.

ಕಸದ ಗುಡ್ಡೆಯದ್ದೂ ಇದೇ ಕತೆ, ಅಲ್ಲಿ ಪೈಪು ಕೂಡ ಇಲ್ಲ. ಕೊಚ್ಚಿಯ ಬ್ರಹ್ಮಪುರಂ 2023ರ ಮಾರ್ಚಿನಲ್ಲಿ ಹತ್ತು ದಿನಕ್ಕೂ ಮೇಲೆ ಹೊಗೆಯಾಡಿತು. ಎಲ್ಲರೂ ಪ್ಲಾಸ್ಟಿಕ್ಕಿನ ಹೊಗೆಯ ಬಗ್ಗೆ ಮಾತಾಡಿದರು, ಆಡಬೇಕಾದ್ದೇ. ಆದರೆ ಹೊಗೆ ಇಲ್ಲದ ದಿನವೂ ಇಂಥ ಗುಡ್ಡೆ ಸುಮ್ಮನಿರುವುದಿಲ್ಲ. ಅನ್ನ, ತರಕಾರಿ, ಮೀನಿನ ತ್ಯಾಜ್ಯ ಗಾಳಿಯಾಡದ ಅಡಿಯಲ್ಲಿ ಕೊಳೆತಾಗ ಏಳುವ ಅನಿಲದಲ್ಲಿ ಅರ್ಧದಷ್ಟು ಮೀಥೇನ್. ಹಟ್ಟಿಯ ಪಕ್ಕದ ಗೊಬ್ಬರ ಗ್ಯಾಸಿನ ತೊಟ್ಟಿಯಲ್ಲಿ ನಡೆಯುವುದೂ ಇದೇ, ಅಲ್ಲಿ ಮುಚ್ಚಳವಿದೆ, ಒಲೆಯಿದೆ. ಗುಡ್ಡೆ ಕಟ್ಟಿದ ಮೇಲೆ ಬಾವಿ ಕೊರೆದು ಅನಿಲ ಹೀರಿದರೂ ಪೂರ್ತಿ ಸಿಗುವುದಿಲ್ಲ. ಹಸಿ ಕಸ ಗುಡ್ಡೆಗೆ ಹೋಗದಂತೆ ತಡೆಯುವುದೇ ಅಗ್ಗ. ಪಂಚಾಯತಿನವರು ಪ್ಲಾಸ್ಟಿಕ್ಕಿಗೆ ಮನೆಮನೆಗೆ ಬಂದು ಹಣ ಕೇಳುತ್ತಾರೆ. ಪೇಟೆಯ ಹೋಟೆಲು, ಮದುವೆ ಮಂಟಪಗಳ ಅನ್ನ ಎಲ್ಲಿಗೆ ಹೋಗುತ್ತದೆ ಅಂತ ಮುಂದಿನ ಗ್ರಾಮಸಭೆಯಲ್ಲಿ ನಾವು ಕೇಳೋಣ.