ಹಳೇ ಕಟ್ಟಡದ ವರದಿ ಬಂದ್ರೆ ಸರಾಸರಿ ನೋಡಿ ಸುಮ್ಮನಾಗಬೇಡಿ

ಎಚ್.ಡಿ.ಕೋಟೆ: 2012ರ ಆಗಸ್ಟ್‌ನಲ್ಲಿ ಮೈಸೂರಿನ ಲ್ಯಾನ್ಸ್‌ಡೌನ್ ಕಟ್ಟಡದ ಒಂದು ಭಾಗ ಕುಸಿದು ನಾಲ್ವರು ಸತ್ತರು. 2016ರ ಆಗಸ್ಟ್‌ನಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ, ದುರಸ್ತಿ ನಡೀತಿರುವಾಗಲೇ ಬಿತ್ತು. ಕೆಡವಬೇಕೋ, ಉಳಿಸಬಹುದೋ ಅಂತ ಪರಿಣತರಲ್ಲೇ ಎರಡು ಮಾತು ಬಂತು. ಮಧ್ಯೆ ಸಿಕ್ಕಿಕೊಂಡವರು ಅಂಗಡಿಯವರು. ಹಾಗಾಗಿ ಎಂಜಿನಿಯರ್ ಏನು ನೋಡ್ತಾರೆ, ವರದಿಯಲ್ಲಿ ಏನಿರಬೇಕು ಅನ್ನೋದು ಬಾಡಿಗೆದಾರರಿಗೂ ಗೊತ್ತಿರಬೇಕು.

ಮೈಸೂರಿನ ಆ ಕಟ್ಟಡಗಳು ಇಟ್ಟಿಗೆ, ಸುಣ್ಣದ ಗಾರೆಯವು. ನಮ್ಮ ಪೇಟೆಗಳ ಕಾಂಪ್ಲೆಕ್ಸ್‌ಗಳು ಹೆಚ್ಚಾಗಿ ಆರ್‌ಸಿಸಿ. ಇಲ್ಲಿ ಮೊದಲ ಕೆಲಸ ಕಣ್ಣಿನದು. ಗಾರೆಯ ಮೇಲಿನ ಕೂದಲೆಳೆ ಬಿರುಕಿಗೆ ಅಷ್ಟು ಹೆದರಬೇಕಿಲ್ಲ. ಪಿಲ್ಲರ್‌ನಲ್ಲಿ ಕಂಬಿಯ ಉದ್ದಕ್ಕೇ ಬಿರುಕು ಬಿಟ್ಟು ತುಕ್ಕಿನ ಕಲೆ ಇಳಿದಿದ್ರೆ ಮಾತ್ರ ಒಳಗೆ ಕಂಬಿ ಕೊಳೀತಿದೆ ಅಂತ ಅರ್ಥ. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ಕೇಳುತ್ತೆ, ಹಾಗಾಗಿ ಕಾಂಕ್ರೀಟನ್ನು ಒಳಗಿಂದಲೇ ಸಿಡಿಸುತ್ತೆ.

ಆಮೇಲೆ ರಿಬೌಂಡ್ ಹ್ಯಾಮರ್. ಇದು ಹೇಳೋದು ಮೇಲ್ಮೈಯ ಗಟ್ಟಿತನ ಮಾತ್ರ. ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಹಳೇ ಕಾಂಕ್ರೀಟಿನ ಮೇಲ್ಪದರ ಗಟ್ಟಿಯಾಗಿರುತ್ತೆ, ಹಾಗಾಗಿ ಅಂಕಿ ಇರೋದಕ್ಕಿಂತ ಚೆನ್ನಾಗಿ ಬರಬಹುದು. ಇದೊಂದನ್ನೇ ನಂಬಿ 'ಕಟ್ಟಡ ಭದ್ರ' ಅಂತ ಬರೆದ ವರದಿ ಸಾಲದು.

ಅದಕ್ಕೇ ಕೋರ್ ತೆಗೀತಾರೆ, ಅಂದ್ರೆ ಕಾಂಕ್ರೀಟಿನ ಸಿಲಿಂಡರ್ ಕೊರೆದು ಲ್ಯಾಬ್‌ನಲ್ಲಿ ಒತ್ತಿ ನೋಡ್ತಾರೆ. ಹೊಸದಾಗಿ ಒಡೆದ ಮೈಗೆ ಫಿನಾಲ್ಫ್ಥಲೀನ್ ಸಿಂಪಡಿಸಿದ್ರೆ ಆರೋಗ್ಯವಾಗಿರೋ ಕಾಂಕ್ರೀಟ್ ಗುಲಾಬಿ ಬಣ್ಣಕ್ಕೆ ತಿರುಗುತ್ತೆ. ಬಣ್ಣ ಬಾರದ ಪದರ ಕಂಬಿಯವರೆಗೂ ಮುಟ್ಟಿದ್ರೆ ತುಕ್ಕಿಗೆ ತಡೆ ಹೋಯ್ತು ಅಂತಲೇ ಲೆಕ್ಕ.

ಒಂದು ಉದಾಹರಣೆ. ಪಿಲ್ಲರ್‌ಗಳು ಎಂ20 ಕಾಂಕ್ರೀಟ್ ಅಂತಿಟ್ಟುಕೊಳ್ಳಿ. ಐಎಸ್ 456ರ ಪ್ರಕಾರ ಕನಿಷ್ಠ ಮೂರು ಕೋರ್‌ಗಳ ಸರಾಸರಿ ಶೇ 85, ಅಂದ್ರೆ 17 ಇರಬೇಕು. ಯಾವುದೂ ಶೇ 75ಕ್ಕಿಂತ, ಅಂದ್ರೆ 15ಕ್ಕಿಂತ ಕಡಿಮೆ ಬರಬಾರದು. ಲ್ಯಾಬ್‌ನಿಂದ 18.5, 19, 14 ಬಂತು. ಸರಾಸರಿ 17.2, ಪಾಸು. ಆದ್ರೆ 14 ಬಂದ ಪಿಲ್ಲರ್ ಫೇಲು. ಭಾರ ಹೊರುವಾಗ ಆ ಪಿಲ್ಲರ್‌ಗೆ ಸರಾಸರಿ ನೆರವಾಗಲ್ಲ. ಈ ಅಳತೆ ಹೊಸ ಕಾಂಕ್ರೀಟಿನ ತಪಾಸಣೆಗೆ ಮಾಡಿದ್ದು. ಹಳೇ ಕಟ್ಟಡಕ್ಕೆ ಇದರ ಜೊತೆಗೆ, ಮೇಲೆ ಆಮೇಲೆ ಕಟ್ಟಿದ ಮಹಡಿ, ನೀರಿನ ಟ್ಯಾಂಕ್, ಗೋದಾಮಿನ ಮೂಟೆ ಸೇರಿಸಿ ಭಾರದ ಲೆಕ್ಕವನ್ನೂ ಮಾಡಬೇಕು.

ವರದಿ ಕೈಗೆ ಬಂದಾಗ ಮೊದಲು ನಕ್ಷೆ ನೋಡಿ. ಪ್ರತಿ ಪಿಲ್ಲರ್‌ಗೆ ನಂಬರ್, ಫೋಟೋ, ಎಲ್ಲಿ ಕೊರೆದರು, ಎಷ್ಟು ಬಂತು ಎಲ್ಲಾ ಇರಬೇಕು. ಇವತ್ತೇ ಆನಿಕೆ ಕೊಡಬೇಕಾದ್ದು, ದುರಸ್ತಿಗೆ ಕಾಯಬಹುದಾದ್ದು, ಖಾಲಿ ಮಾಡಿಸಲೇಬೇಕಾದ್ದು ಬೇರೆ ಬೇರೆ ಬರೆದಿರಬೇಕು. ಪಾಯ ಅಗೆದು ನೋಡದಿದ್ರೆ ಅದನ್ನೂ ಹೇಳಿರಬೇಕು. ಒಂದೇ ಹಾಳೆಯಲ್ಲಿ 'ಶಿಥಿಲ' ಅಂತಲೋ 'ಸುರಕ್ಷಿತ' ಅಂತಲೋ ಸಹಿ ಹಾಕಿ ಕೊಟ್ಟರೆ, ಯಾವ ಪಿಲ್ಲರ್, ಎಷ್ಟು ಅಂಕಿ ಅಂತ ಕೇಳಿ. ಅಂಗಡಿ ಖಾಲಿ ಮಾಡುವವರೂ ಕೇಳಬೇಕು, ಅಲ್ಲೇ ಉಳಿಯುವವರೂ ಕೇಳಬೇಕು.