‘ಗಾಣದ ಎಣ್ಣೆ’ಯ ಬೆಲೆಯೇ ಮೊದಲ ಪರೀಕ್ಷೆ

‘ಮರದ ಗಾಣದ್ದು’, ‘ಕೋಲ್ಡ್ ಪ್ರೆಸ್ಡ್’ ಎಂಬ ಚೀಟಿ ಹೊತ್ತ ಕೊಬ್ಬರಿ ಎಣ್ಣೆಯ ಬಾಟಲಿಗಳು ಇಂದು ಪ್ರತಿ ಅಂಗಡಿಯಲ್ಲಿಯೂ ಕಾಣಸಿಗುತ್ತವೆ. ಚೀಟಿಯ ಮಾತನ್ನು ಪರೀಕ್ಷಿಸಲು ವ್ಯಾಪಾರಿಯ ಬಳಿ ಇರುವ ಮೊದಲ ಸಾಧನವೆಂದರೆ ಲೆಕ್ಕ.

ಎಕ್ಸ್‌ಪೆಲ್ಲರ್ ಯಂತ್ರದಲ್ಲಿ ಒತ್ತಡವೂ ಘರ್ಷಣೆಯ ಶಾಖವೂ ಅಧಿಕ. ಹಲವು ಮಿಲ್ಲುಗಳಲ್ಲಿ ಕೊಬ್ಬರಿಯನ್ನು ಮೊದಲೇ ಬಿಸಿ ಮಾಡುವುದೂ ಉಂಟು. ಆದ್ದರಿಂದ ಎಣ್ಣೆ ಹೆಚ್ಚು ಇಳಿಯುತ್ತದೆ. ನಿಧಾನವಾಗಿ ತಿರುಗುವ ಮರದ ಗಾಣದಲ್ಲಿ ಶಾಖ ಕಡಿಮೆ, ಆದರೆ ಹಿಂಡಿಯಲ್ಲಿ ಉಳಿಯುವ ಎಣ್ಣೆ ಹೆಚ್ಚು. ಒಂದು ಉದಾಹರಣೆ ನೋಡಬಹುದು. ಕೊಬ್ಬರಿ ಕಿಲೋಗೆ 200 ರೂಪಾಯಿ, ಹಿಂಡಿ 30 ರೂಪಾಯಿ ಎಂದಿರಲಿ. 100 ಕಿಲೋ ಕೊಬ್ಬರಿಯಿಂದ ಎಕ್ಸ್‌ಪೆಲ್ಲರ್‌ನಲ್ಲಿ 60 ಕಿಲೋ ಎಣ್ಣೆ, 35 ಕಿಲೋ ಹಿಂಡಿ ದೊರೆತರೆ, ಹಿಂಡಿಯ ಬೆಲೆ ಕಳೆದು ಎಣ್ಣೆಯ ಅಸಲು ಕಿಲೋಗೆ ಸುಮಾರು 316 ರೂಪಾಯಿ. ಗಾಣದಲ್ಲಿ 54 ಕಿಲೋ ಎಣ್ಣೆ, 41 ಕಿಲೋ ಹಿಂಡಿ ದೊರೆತರೆ ಅಸಲು ಸುಮಾರು 348 ರೂಪಾಯಿ. ಲೀಟರಿಗೆ ಸುಮಾರು 920 ಗ್ರಾಂ ತೂಗುವುದರಿಂದ ಇವು ಕ್ರಮವಾಗಿ ಲೀಟರಿಗೆ 291 ಮತ್ತು 320 ರೂಪಾಯಿ ಆಗುತ್ತವೆ. ಕೂಲಿ, ವಿದ್ಯುತ್, ಬಾಟಲಿ, ಲಾಭ ಇನ್ನೂ ಸೇರಿಲ್ಲ. ಹೀಗಿರುವಾಗ ‘ಗಾಣದ ಎಣ್ಣೆ’ಯನ್ನು ಲೀಟರಿಗೆ 260ಕ್ಕೆ ಕೊಡುವವನು ಏನನ್ನು ಮಾರುತ್ತಿದ್ದಾನೆಂದು ಕೇಳಲೇಬೇಕು.

ಎಣ್ಣೆಯನ್ನು ಶೀತಕದಲ್ಲಿಟ್ಟು ನೋಡುವ ಮನೆ ಪರೀಕ್ಷೆ ಅರ್ಧ ಮಾತ್ರ ನಂಬಲರ್ಹ. ಕೊಬ್ಬರಿ ಎಣ್ಣೆ ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ದ್ರವ ಪ್ಯಾರಾಫಿನ್ ಹೆಚ್ಚು ಬೆರೆತಿದ್ದರೆ ಗಟ್ಟಿಯಾಗದೆ ಪದರವಾಗಿ ಉಳಿಯಬಹುದು. ಆದರೆ ತಾಳೆ ಬೀಜದ ಎಣ್ಣೆಯೂ ಬಹುಮಟ್ಟಿಗೆ ಹಾಗೆಯೇ ಗಟ್ಟಿಯಾಗುತ್ತದೆ. ಪ್ರಯೋಗಾಲಯದ ಅಯೋಡಿನ್ ಮೌಲ್ಯಕ್ಕೂ ಮಿತಿಯಿದೆ. ಕೊಬ್ಬರಿ ಎಣ್ಣೆಗೆ ನಿಗದಿಯಾದದ್ದು 7.5ರಿಂದ 10. ಶುದ್ಧ ಎಣ್ಣೆಯ ಮೌಲ್ಯ 8.5 ಇದ್ದು, 18 ಮೌಲ್ಯದ ತಾಳೆ ಬೀಜದ ಎಣ್ಣೆ ಶೇಕಡ 10 ಬೆರೆತರೂ ಮೊತ್ತ 9.45 ಆಗಿ ತೇರ್ಗಡೆಯಾಗುತ್ತದೆ. ಆದುದರಿಂದ ಸಂದೇಹವಿದ್ದಲ್ಲಿ ಕೊಬ್ಬಿನಾಮ್ಲಗಳ ವಿಶ್ಲೇಷಣೆಯನ್ನೂ ಕೇಳುವುದು ಉಚಿತ.

ಅಡುಗೆಗೂ ಕೂದಲಿಗೂ ಒಂದೇ ಎಣ್ಣೆ ಬಳಸುವವರು ಚೀಟಿಯಲ್ಲಿ ಖಾದ್ಯ ತೈಲವೆಂಬ ಉಲ್ಲೇಖವನ್ನೂ ಆಹಾರ ಪರವಾನಗಿ ಸಂಖ್ಯೆಯನ್ನೂ ನೋಡಬೇಕು. ‘ಹೇರ್ ಆಯಿಲ್’ ಎಂದು ಮಾರುವ ಪ್ರಸಾಧನದಲ್ಲಿ ಖನಿಜ ತೈಲ ಇರುವುದು ಕಲಬೆರಕೆಯಲ್ಲ, ಆದರೆ ಅದು ಬಾಣಲೆಗೆ ಹೋಗಬಾರದು. ಇನ್ನೊಂದು ಮಾತು: ಬೂಷ್ಟು ಹಿಡಿದ ಕೊಬ್ಬರಿಯನ್ನು ಗಾಣಕ್ಕೆ ಹಾಕಿದರೆ ಬರುವುದೂ ಕಳಪೆ ಎಣ್ಣೆಯೇ. ‘ತಣ್ಣನೆಯ’ ವಿಧಾನ ಅದನ್ನು ಶುದ್ಧಗೊಳಿಸದು.

ಸುಳ್ಳು ಚೀಟಿಯ ಬೆಲೆಯೊಡನೆ ಪೈಪೋಟಿ ನಡೆಸಲಾರದೆ ಸೋಲುವವರು ಪ್ರಾಮಾಣಿಕ ಗಾಣದವರು. ಸಗಟು ಕೊಳ್ಳುವವರು ತಯಾರಕರ ಕೊಬ್ಬರಿ ಖರೀದಿ ಬಿಲ್ಲನ್ನೂ ಬ್ಯಾಚಿನ ಪರೀಕ್ಷಾ ವರದಿಯನ್ನೂ ಕೇಳಿ ಪಡೆಯುವ ಪದ್ಧತಿ ರೂಢಿಯಾದರೆ, ಆ ಪೈಪೋಟಿ ನ್ಯಾಯವಾಗುತ್ತದೆ.