ಮೊದಲು ಅನುಕ್ರಮ, ಅನಂತರ ಅಲಂಕಾರ

ಸಹೋದ್ಯೋಗಿಯ ಸ್ಲೈಡುಗಳನ್ನು ತಿದ್ದುವವರು ಮೊದಲು ಅಕ್ಷರದ ಗಾತ್ರಕ್ಕೆ ಕೈಹಾಕುವುದು ಸಲ್ಲದೆಂದು ನಮ್ಮ ಅಭಿಪ್ರಾಯ. ತೆಗೆದುಹಾಕಬೇಕಾದ ಪುಟವನ್ನು ಸಿಂಗರಿಸಿ ಫಲವೇನು?

ಪುಣೆಯ ಗುಮಾಸ್ತರೊಬ್ಬರು ಹೋಟೆಲಿನ ವಾರ್ಷಿಕ ಲೆಕ್ಕದ 12 ಸ್ಲೈಡುಗಳನ್ನು ನಮಗೆ ತೋರಿಸಿದರು. ನಾವು ಶೀರ್ಷಿಕೆಗಳನ್ನಷ್ಟೇ ಒಂದರ ಕೆಳಗೊಂದು ಬರೆದು ಓದಿದೆವು. ದರ ಏರಿಸುವ ಸಲಹೆಯು ಅದರ ಕಾರಣಕ್ಕಿಂತ ಮೊದಲೇ ಬಂದಿತ್ತು. ಗ್ಯಾಸಿನ ಖರ್ಚು 4ರಲ್ಲಿಯೂ 9ರಲ್ಲಿಯೂ ಇದ್ದು, ಮೊತ್ತಗಳು ಹೊಂದಲಿಲ್ಲ. ಪುನರುಕ್ತಿಯೇ ತಪ್ಪನ್ನು ಹೊರಗೆಡವಿತು. ಇಂತಹುದನ್ನು ನಾವೇ ಅಳಿಸದೆ, ಟಿಪ್ಪಣಿ ಬರೆದು ಬರೆದವರಿಗೇ ಒಪ್ಪಿಸಬೇಕು.

ಅನಂತರವೇ ರೂಪದ ಮಾತು. ಸ್ಲೈಡುಗಳನ್ನು ಬೇಗಬೇಗನೆ ಸರಿಸಿದರೆ ಸ್ಥಾನ ತಪ್ಪಿದ ಶೀರ್ಷಿಕೆ ಕುಣಿದಂತೆ ಕಾಣುತ್ತದೆ. ಅದನ್ನು ಕೈಯಿಂದ ಎಳೆಯದೆ, Slide Master ಎಂಬಲ್ಲಿ ಸ್ಥಾನವನ್ನು ನಿಗದಿಗೊಳಿಸಿ, ಆ ಸ್ಲೈಡಿಗೆ Reset ಒತ್ತಬೇಕು. ಪ್ರತ್ಯೇಕವಾಗಿ ಸೇರಿಸಿದ ಚೌಕಗಳಿಗೆ ಇದು ತಾಗದು. ಅವನ್ನು Align ಮೂಲಕವೇ ಸಾಲಿಗೆ ತರಬೇಕು.